ಸಿಸೇರಿಯನ್‌ಗೆ ಗಣಕೀಕೃತ ಅರಿವಳಿಕೆ ಚಾರ್ಟ್: ಬಿಪಿಯ ಮನೆಗಳೇ ಅದರ ದೌರ್ಬಲ್ಯ

ನಮ್ಮ ಆಪರೇಷನ್ ಥಿಯೇಟರಿನಲ್ಲಿ ಕಾಗದದ ಚಾರ್ಟ್ ಹೋಗಿ ಗಣಕೀಕೃತ ಅರಿವಳಿಕೆ ಚಾರ್ಟ್ ಬಂದು ಕೆಲವು ವರ್ಷಗಳಾದವು. ಬೇರೆ ಶಸ್ತ್ರಚಿಕಿತ್ಸೆಗಳ ಮಾತು ಬಿಡುತ್ತೇನೆ. ಬೆನ್ನಿಗೆ ಸ್ಪೈನಲ್ ಅರಿವಳಿಕೆ ಕೊಟ್ಟು ಮಾಡುವ ಸಿಸೇರಿಯನ್‌ಗೆ ಇದರ ಅಂಕಣಗಳು ಎಷ್ಟು ಒದಗುತ್ತವೆ ಎಂಬುದಷ್ಟೇ ಇಲ್ಲಿನ ವಿಷಯ. ಐದಕ್ಕೆ ಮೂರೂವರೆ ಕೊಡುತ್ತೇನೆ. ಕಡಿದ ಅಂಕಗಳಲ್ಲಿ ಬಹುಪಾಲು ಬಿಪಿ ಅಂಕಣದ ಲೆಕ್ಕಕ್ಕೆ ಹೋಗುತ್ತದೆ.

ಮಾನಿಟರಿನಿಂದ ನಾಡಿ, ಬಿಪಿ, ಆಮ್ಲಜನಕದ ಮಟ್ಟ ತಾವಾಗಿಯೇ ಬಂದು ಕೂರುತ್ತವೆ. ಎರಡೂ ಕೈಗೆ ಕೆಲಸವಿರುವ ಹೊತ್ತಿನಲ್ಲಿ ಅದು ದೊಡ್ಡ ಉಪಕಾರವೇ. ಆದರೆ ಚಾರ್ಟ್ ಉಳಿಸಿಕೊಳ್ಳುವುದು ಐದು ನಿಮಿಷಕ್ಕೊಂದು ಅಳತೆಯನ್ನು ಮಾತ್ರ. ಸ್ಪೈನಲ್ ಕೊಟ್ಟ ಮೇಲೆ ಬಿಪಿ ಕುಸಿಯುವುದು ಹೆಚ್ಚಾಗಿ ಮೊದಲ ಹತ್ತು ಹದಿನೈದು ನಿಮಿಷಗಳಲ್ಲಿ, ಅದೂ ಎರಡು ಮೂರು ನಿಮಿಷದೊಳಗೆ ಸರ್ರನೆ.

ಒಂದು ಉದಾಹರಣೆ ನೋಡಿ. ಸ್ಪೈನಲ್‌ಗೆ ಮುಂಚೆ ತಾಯಿಯ ಸಿಸ್ಟಾಲಿಕ್ ಬಿಪಿ 124. ಔಷಧ ಕೊಟ್ಟದ್ದು 10:04ಕ್ಕೆ. 10:05ಕ್ಕೆ 120, 10:07ಕ್ಕೆ 104, 10:08ಕ್ಕೆ 88, ಜೊತೆಗೆ ವಾಕರಿಕೆ. ಕೂಡಲೇ ಫಿನೈಲೆಫ್ರಿನ್ 100 ಮೈಕ್ರೋಗ್ರಾಂ ಕೊಟ್ಟದ್ದರಿಂದ 10:10ಕ್ಕೆ 116ಕ್ಕೆ ಏರಿತು. ಚಾರ್ಟಿನಲ್ಲಿ ಉಳಿದದ್ದು 120 ಮತ್ತು 116. ಮೂಲ ಬಿಪಿಯ ಶೇಕಡಾ 90ರಷ್ಟನ್ನು, ಅಂದರೆ ಈಕೆಗೆ 112ರಷ್ಟನ್ನು, ಕಾಪಾಡುವುದು ನಮ್ಮ ಗುರಿ. ಶೇಕಡಾ 80ಕ್ಕಿಂತ ಕೆಳಗಿಳಿದರೆ ತಡಮಾಡುವಂತಿಲ್ಲ. 88 ಎಂದರೆ ಅದಕ್ಕೂ ಎಷ್ಟೋ ಕೆಳಗೆ. ನಾಳೆ ಕಡತ ತೆರೆದವರಿಗೆ ಮಾತ್ರ ಬಿಪಿ ಚೆನ್ನಾಗಿಯೇ ಇದ್ದ ತಾಯಿಗೆ ಸುಮ್ಮನೆ ಬಿಪಿ ಏರಿಸುವ ಔಷಧ ಕೊಟ್ಟಂತೆ ಕಾಣುತ್ತದೆ. ಮಗುವಿನ ಹೊಕ್ಕುಳಬಳ್ಳಿಯ ರಕ್ತದಲ್ಲಿ ಆಮ್ಲೀಯತೆ ಹೆಚ್ಚಿದ್ದು ಯಾರಾದರೂ ಕಾರಣ ಹುಡುಕಿದರೆ, ಬೇಕಾದ ಸಾಲೇ ಅಲ್ಲಿರುವುದಿಲ್ಲ.

ಒಂದು ನಿಮಿಷದ ಮನೆಗಳೂ ಸೆಟ್ಟಿಂಗ್‌ನಲ್ಲಿ ಇವೆ, ಆದರೆ ಪ್ರತಿ ಬಾರಿಯೂ ಕೈಯಾರೆ ಬದಲಿಸಬೇಕು. ‘ಸ್ಪೈನಲ್ ಕೊಟ್ಟಾಯಿತು’ ಎಂಬ ಗುಂಡಿ ಹೇಗೂ ಇದೆ. ಅದನ್ನು ಒತ್ತಿದ ಕ್ಷಣದಿಂದ ಮಗು ಹೊರಬರುವವರೆಗೆ ಒಂದು ನಿಮಿಷದ ಲೆಕ್ಕ ತಾನಾಗಿ ನಡೆಯುವಂತೆ ಮಾಡಲು ಏನು ಕಷ್ಟವೋ ತಿಳಿಯದು. ನಾಡಿಯ ಗೆರೆ ಬಿಪಿಯ ಕೆಳಗೇ ಬರುವುದು ಮಾತ್ರ ಚೆನ್ನಾಗಿದೆ. ಫಿನೈಲೆಫ್ರಿನ್‌ನಿಂದ ನಾಡಿ ನಿಧಾನವಾಗುತ್ತದೆ. ಬಿಪಿಯೂ ನಾಡಿಯೂ ಒಟ್ಟಿಗೆ ಇಳಿದಿದ್ದರೆ ಅದನ್ನೇ ಮತ್ತೆ ಕೊಡುವ ಬದಲು ನಾಡಿಯನ್ನೂ ಏರಿಸುವ ಎಫೆಡ್ರಿನ್‌ನಂಥದ್ದಕ್ಕೆ ಕೈಹಾಕಬೇಕೆಂಬುದು ಒಂದೇ ನೋಟಕ್ಕೆ ಹೊಳೆಯುತ್ತದೆ.

ಸ್ಪೈನಲ್ ಔಷಧದ ಅಂಕಣಕ್ಕೆ ಪೂರ್ಣ ಮೆಚ್ಚುಗೆ. ಬರೀ ‘2 ಮಿಲಿ’ ಎಂದು ಬರೆದು ಮುಂದೆ ಹೋಗಲು ಅದು ಬಿಡುವುದಿಲ್ಲ. ಮರಗಟ್ಟಿಸುವ ಔಷಧವಾದ ಬ್ಯುಪಿವಕೇನ್ ಶೇಕಡಾ 0.5ರದ್ದೇ, ಹೆವಿಯೋ ಪ್ಲೇನೋ ಎಂದು ಕೇಳಿ, 10 ಮಿಲಿಗ್ರಾಂ ಎಂದು ತಾನೇ ಲೆಕ್ಕ ಹಾಕುತ್ತದೆ. ಫೆಂಟನಿಲ್‌ಗೆ ಮೈಕ್ರೋಗ್ರಾಂನಲ್ಲಿ ಬೇರೆಯೇ ಸಾಲು. ಆಂಪ್ಯೂಲನ್ನು ಇನ್ನೊಬ್ಬರು ಓದಿ ಖಚಿತಪಡಿಸಿದರೇ ಎಂಬ ಚೌಕವೂ ಇದೆ. ರಕ್ತಸ್ರಾವ ತಡೆಯಲು ಕೊಡುವ ಟ್ರಾನೆಕ್ಸಾಮಿಕ್ ಆಮ್ಲದ ಆಂಪ್ಯೂಲನ್ನು ಬ್ಯುಪಿವಕೇನ್ ಎಂದು ತಿಳಿದು ಬೆನ್ನಿಗೆ ಕೊಟ್ಟು ಜೀವ ಹೋದ ಪ್ರಸಂಗಗಳು ಲೋಕದಲ್ಲಿ ನಡೆದಿರುವಾಗ ಆ ಚೌಕ ಕಿರಿಕಿರಿ ಎನಿಸುವುದಿಲ್ಲ.

ಮರಗಟ್ಟಿದ ಮಟ್ಟದ ಅಂಕಣ ಅರೆಬೆಂದದ್ದು. ಎದೆಭಾಗದ ನಾಲ್ಕನೇ ನರದ ಮಟ್ಟವಾದರೆ ‘ಟಿ4’ ಎಂದು ಆರಿಸಲು ಒಂದೇ ಪಟ್ಟಿ. ಎಡವೋ ಬಲವೋ, ಎಷ್ಟು ಗಂಟೆಗೆ, ತಣ್ಣನೆಯದನ್ನು ತಾಗಿಸಿ ನೋಡಿದ್ದೋ ಲಘು ಸ್ಪರ್ಶದಿಂದಲೋ, ಯಾವುದಕ್ಕೂ ಜಾಗವಿಲ್ಲ. ತಂಪು ತಿಳಿಯದ ಮಟ್ಟ ಸಾಮಾನ್ಯವಾಗಿ ಸ್ಪರ್ಶ ತಿಳಿಯದ ಮಟ್ಟಕ್ಕಿಂತ ಮೇಲಿರುತ್ತದೆ. ಆದ್ದರಿಂದ ವಿಧಾನ ಹೇಳದ ಟಿ4 ಅರ್ಧ ಮಾತು. ಹೊಟ್ಟೆ ಕೊಯ್ಯುವಾಗ ನೋವಾಯಿತೆಂದು ತಾಯಿ ಆಮೇಲೆ ಹೇಳಿದರೆ ನಾವು ಮೊದಲು ಹುಡುಕುವುದು ಈ ಸಾಲನ್ನೇ. ನಾನು ಷರಾ ಕಾಲಂನಲ್ಲಿ ‘10:12, ಸ್ಪರ್ಶಕ್ಕೆ ಟಿ5, ಎರಡೂ ಬದಿ’ ಎಂದು ಬರೆದಿಡುತ್ತೇನೆ.

ದ್ರವಗಳ ಲೆಕ್ಕದಲ್ಲಿ ಎರಡು ತೊಡಕು. ಡ್ರಿಪ್ ಬಾಟಲಿ ತೂಗುಹಾಕಿದೆ ಎಂದು ಗುರುತಿಸಿದ ಕೂಡಲೇ 500 ಮಿಲಿ ಪೂರ್ತಿ ಒಳಹೋದಂತೆ ಕೂಡಿಕೊಳ್ಳುತ್ತದೆ. ಉಳಿದದ್ದನ್ನು ಕೊನೆಯಲ್ಲಿ ನೆನಪಿಟ್ಟು ಕಳೆಯಬೇಕು. ರಕ್ತಸ್ರಾವದ್ದು ಇನ್ನೂ ಕಷ್ಟ. ಸಕ್ಷನ್ ಬಾಟಲಿಯಲ್ಲಿ ಗರ್ಭಜಲವೂ ಸೇರಿರುತ್ತದೆ. ಅದನ್ನೆಲ್ಲ ಹೀರಿಯಾದ ಮೇಲೆ ಒಮ್ಮೆ ಅಳತೆ ಗುರುತಿಸಿ ಕೊನೆಯ ಅಳತೆಯಿಂದ ಕಳೆದು, ಒದ್ದೆ ಬಟ್ಟೆಗಳ ತೂಕ ಕೂಡಿಸಿದರೆ ನಿಜಕ್ಕೆ ಹತ್ತಿರದ ಸಂಖ್ಯೆ ಸಿಗುತ್ತದೆ. ಚಾರ್ಟಿನಲ್ಲಿರುವುದು ‘ಒಟ್ಟು’ ಎಂಬ ಒಂದೇ ಮನೆ. ಹಾಗಾಗಿ ಆ ಮೊದಲ ಅಳತೆಯನ್ನು ನಮ್ಮ ನರ್ಸ್ ಇವತ್ತಿಗೂ ಬಾಟಲಿಗೆ ಅಂಟಿಸಿದ ಪಟ್ಟಿಯ ಮೇಲೆ ಪೆನ್ನಿನಲ್ಲೇ ಬರೆಯುತ್ತಾರೆ.