ಮೂರೂಮುಕ್ಕಾಲು ವರ್ಷದ ಲಿಫ್ಟ್ ಎಎಂಸಿ: ಸೇವೆ ಹೇಗಿತ್ತು, ಬಿಟ್ಟಿದ್ದು ಹೇಗೆ

ಉತ್ತರಹಳ್ಳಿ ಕಡೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ 32 ಮನೆ, ಎರಡು ಲಿಫ್ಟ್. 1 ಜುಲೈ 2021ರಿಂದ 31 ಮಾರ್ಚ್ 2025ರವರೆಗೆ ಒಂದೇ ಕಂಪನಿಯ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆ ಒಪ್ಪಂದ ಇತ್ತು. ಕಂಪನಿಯ ಹೆಸರು ಬರೆಯುವುದಿಲ್ಲ. ಸಂಘದ ಕಾರ್ಯದರ್ಶಿಯಾಗಿ ಪತ್ರವ್ಯವಹಾರವೆಲ್ಲ ನನ್ನ ಕೈಯಲ್ಲೇ ಇತ್ತು. 5ಕ್ಕೆ 3 ಸ್ಟಾರ್ ಕೊಡುತ್ತೇನೆ. ಅದರಲ್ಲಿ ಒಂದು ಸ್ಟಾರ್ ಬಂದಿದ್ದು ನಾವು ಅವರನ್ನು ಬಿಡುತ್ತೇವೆ ಎಂದ ಮೇಲೆ.

ಮೊದಲ ಎರಡು ವರ್ಷ ದೂರುವಂಥದ್ದೇನೂ ಇರಲಿಲ್ಲ. ತಿಂಗಳಿಗೊಮ್ಮೆ ಒಬ್ಬನೇ ಮೆಕ್ಯಾನಿಕ್ ಬರುತ್ತಿದ್ದ. ನಮ್ಮ ಎಡಗಡೆ ಲಿಫ್ಟ್ ಮೂರನೇ ಮಹಡಿಯಲ್ಲಿ ನೆಲಕ್ಕಿಂತ ಒಂದಿಂಚು ಕೆಳಗೇ ನಿಲ್ಲುತ್ತದೆ ಎಂಬುದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಅವನು ಬೇರೆ ಕಡೆ ಹೋದ ಮೇಲೆ ಶುರುವಾಯಿತು. ಎರಡು ಗಂಟೆಯೊಳಗೆ ಬರುತ್ತೇವೆ ಎಂದು ಒಪ್ಪಂದದಲ್ಲಿದ್ದರೆ, ಬರುತ್ತಿದ್ದದ್ದು ಆರೇಳು ಗಂಟೆ ಕಳೆದ ಮೇಲೆ. ಕರೆಂಟ್ ಹೋದಾಗ ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆಗೆಯುವ ಎಆರ್‌ಡಿ ಇರುತ್ತದಲ್ಲ, ಅದರ ಬ್ಯಾಟರಿ ಸತ್ತಾಗ 'ಕಾಂಪ್ರಹೆನ್ಸಿವ್‌ನಲ್ಲಿ ಬ್ಯಾಟರಿ ಬರಲ್ಲ ಸರ್' ಎಂದರು. ಹೌದು, ಒಪ್ಪಂದದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಹಾಗೇ ಇತ್ತು. ಓದದೇ ಇದ್ದದ್ದು ನಾವು.

2024ರ ಜೂನ್‌ನಲ್ಲಿ ಸಾಕಾಯಿತು. ನಮ್ಮ ಖಜಾಂಚಿ ರಾಯರು ಕಂಪನಿಯ ಬೆಂಗಳೂರು ಬ್ರಾಂಚಿಗೆ ಎರಡು ಪುಟದ ಇಮೇಲ್ ಬರೆದರು. ಯಾವ ದಿನ ಯಾರು ಲಿಫ್ಟಿನಲ್ಲಿ ಸಿಕ್ಕಿಕೊಂಡರು, ಯಾರ ಅಮ್ಮನಿಗೆ ಬಿಪಿ ಜಾಸ್ತಿ ಆಯಿತು, ಎಲ್ಲ ಇತ್ತು. ಕೊನೆಯ ಸಾಲು, 'ನಿಮ್ಮ ಸೇವೆ ನಮಗೆ ಇನ್ನು ಬೇಡ.' ಓದಿ ನಾನೇ ಚಪ್ಪಾಳೆ ತಟ್ಟಿದ್ದೆ.

ಮರುದಿನ ಉತ್ತರ ಬಂತು. ನಿಮ್ಮ ದೂರು ದಾಖಲಾಗಿದೆ, ದೂರಿನ ನಂಬರ್ ಇದು. ಒಂದು ವಾರಕ್ಕೆ ಇನ್ನೊಂದು ಮೆಸೇಜ್: ದೂರು ಪರಿಹಾರವಾಗಿದೆ. ಜುಲೈ 1ಕ್ಕೆ ಒಪ್ಪಂದ ತಾನಾಗಿಯೇ ಇನ್ನೊಂದು ವರ್ಷಕ್ಕೆ ರಿನ್ಯೂ ಆಯಿತು. ಇನ್‌ವಾಯ್ಸ್ ಬಂತು. ಬಂದ ಬಿಲ್ ಬಾಕಿ ಇಟ್ಟುಕೊಳ್ಳುವ ಅಭ್ಯಾಸವಿಲ್ಲದ ರಾಯರೇ ಚೆಕ್ ಬರೆದು ಕಳಿಸಿದರು! ವರ್ಷಕ್ಕೆ 73,000 ರೂಪಾಯಿ, ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 86,140.

ಡಿಸೆಂಬರ್‌ನಲ್ಲಿ ಎರಡನೇ ಮಹಡಿಯ ವಕೀಲ ಮೇಡಂ ಮುಂದೆ ಆ ಇಮೇಲ್ ಇಟ್ಟೆ. ಅವರು ಓದಿ ನಕ್ಕರು. "ಇದು ದೂರೇ ಅಲ್ವಾ? ಅವರು ದೂರು ಅಂತ ಬರ್ಕೊಂಡಿದ್ದರಲ್ಲಿ ತಪ್ಪೇನಿದೆ? ಒಪ್ಪಂದ ಕೊಡಿ, ನೋಡೋಣ."

ಒಪ್ಪಂದದಲ್ಲಿ ಹೊರಗೆ ಬರಲು ಎರಡು ದಾರಿ ಇತ್ತು. 9.1ರಲ್ಲಿ, ಕಂಪನಿ ಷರತ್ತು ಮುರಿದಿದೆ ಎಂದು ಬರೆದು ತಿಳಿಸಿ, ಸರಿಪಡಿಸಲು 15 ದಿನ ಕೊಟ್ಟು, ಆಮೇಲೂ ಸರಿಯಾಗದಿದ್ದರೆ ಬಿಡಬಹುದು. 9.2ರಲ್ಲಿ, ಯಾವ ಕಾರಣವನ್ನೂ ಹೇಳದೆ ಯಾರು ಬೇಕಾದರೂ 60 ದಿನದ ನೋಟಿಸ್ ಕೊಟ್ಟು ಬಿಡಬಹುದು. ನಮಗೆ ಸಿಟ್ಟಿದ್ದದ್ದರಿಂದ 9.1 ನಮ್ಮದೇ ದಾರಿ ಎನಿಸಿತ್ತು. ಮೇಡಂ ಬೇಡ ಎಂದರು. 9.1 ಹಿಡಿದರೆ ಒಂದೊಂದು ತಪ್ಪಿಗೂ ದಾಖಲೆ ಕೊಡಬೇಕು. ಅವರು 15 ದಿನದೊಳಗೆ ಇಬ್ಬರು ಮೆಕ್ಯಾನಿಕ್‌ಗಳನ್ನು ಕಳಿಸಿ, ಎಣ್ಣೆ ಹಾಕಿ, ಫೋಟೋ ತೆಗೆದು 'ಸರಿಪಡಿಸಿದ್ದೇವೆ' ಎಂದರೆ ನಮ್ಮ ನೋಟಿಸ್ ಬಿದ್ದುಹೋಗುತ್ತದೆ. 9.2ರಲ್ಲಿ ವಾದಕ್ಕೆ ಜಾಗವೇ ಇಲ್ಲ, ದಿನ ಎಣಿಸಿದರೆ ಮುಗಿಯಿತು.

ಹಾಗಾದರೆ 9.2 ಎಂದು ಬರೆದು ಕೆಳಗೆ ನಾಲ್ಕು ದೂರನ್ನೂ ಸೇರಿಸೋಣವೇ ಎಂದು ರಾಯರು ಕೇಳಿದರು. ಸೇರಿಸಬಾರದಂತೆ. ಒಂದೇ ಕಾಗದದಲ್ಲಿ ಎರಡೂ ಇದ್ದರೆ, ಇದು ನಿಜವಾಗಿ 9.1ರ ನೋಟಿಸ್, 15 ದಿನ ಕೊಟ್ಟಿಲ್ಲ ಎಂದು ಎದುರಿನವರು ಎಳೆದಾಡಬಹುದು. ದೂರುಗಳು ಎಲ್ಲಿಗೂ ಹೋಗುವುದಿಲ್ಲ, ಹಳೆ ಇಮೇಲ್‌ಗಳಲ್ಲಿ ಭದ್ರವಾಗಿವೆ. ಬೇಕಾದರೆ 'ಈ ನೋಟಿಸ್‌ನಿಂದ ಸಂಘದ ಇತರ ಹಕ್ಕುಗಳಿಗೆ ಬಾಧೆ ಇಲ್ಲ' ಎಂಬ ಒಂದು ಸಾಲು ಸಾಕು.

ಒಪ್ಪಂದ ಇಂಗ್ಲಿಷಿನಲ್ಲಿದ್ದದ್ದರಿಂದ ನೋಟಿಸನ್ನೂ ಇಂಗ್ಲಿಷಿನಲ್ಲೇ ಬರೆದೆವು. ಕನ್ನಡದಲ್ಲಿ ಅದರ ಒಕ್ಕಣೆ ಹೀಗಾಗುತ್ತದೆ:

"ವಿಷಯ: 1 ಜುಲೈ 2021ರ ಲಿಫ್ಟ್ ನಿರ್ವಹಣೆ ಒಪ್ಪಂದವನ್ನು ಷರತ್ತು 9.2ರಂತೆ ಕೊನೆಗೊಳಿಸುವ ಬಗ್ಗೆ.

ಮೇಲ್ಕಂಡ ಒಪ್ಪಂದವನ್ನು ಅದರ ಷರತ್ತು 9.2ರಂತೆ ಕೊನೆಗೊಳಿಸಲು ನಮ್ಮ ಸಂಘ ಈ ಮೂಲಕ ನೋಟಿಸ್ ನೀಡುತ್ತಿದೆ. ನೋಟಿಸ್ ಅವಧಿ ನಿಮಗೆ ಈ ಪತ್ರ ತಲುಪಿದ ದಿನದಿಂದ 60 ದಿನ. ಒಪ್ಪಂದ 31 ಮಾರ್ಚ್ 2025ರಂದು ಮುಗಿಯುತ್ತದೆ. 60 ದಿನ ಅದಕ್ಕಿಂತ ತಡವಾಗಿ ತುಂಬಿದರೆ, ತುಂಬಿದ ದಿನ ಮುಗಿಯುತ್ತದೆ. ಅಲ್ಲಿಯವರೆಗೆ ಸೇವೆ ಒಪ್ಪಂದದಂತೆ ಮುಂದುವರಿಯತಕ್ಕದ್ದು. ಉಳಿದ ಅವಧಿಯ ಮುಂಗಡ ಹಣವನ್ನು ಷರತ್ತು 9.4ರಂತೆ ಹಿಂತಿರುಗಿಸಲು ಕೋರುತ್ತೇವೆ. ಮೆಷಿನ್ ರೂಮ್ ಕೀ ಮತ್ತು ಲಾಗ್ ಬುಕ್ ಹಸ್ತಾಂತರಕ್ಕೆ ಅನುಕೂಲವಾದ ದಿನ ತಿಳಿಸಿ. ಈ ನೋಟಿಸ್‌ನಿಂದ ಸಂಘದ ಇತರ ಹಕ್ಕುಗಳಿಗೆ ಬಾಧೆ ಇಲ್ಲ."

ಇಷ್ಟೇ. ಕೆಳಗೆ ಅಧ್ಯಕ್ಷರ ಸಹಿ, ನನ್ನ ಸಹಿ, ಸಂಘದ ಸೀಲು. 'ವಿಷಾದದಿಂದ' ಕೂಡ ಇಲ್ಲ, 'ಬೇಸತ್ತು' ಕೂಡ ಇಲ್ಲ. ರಾಯರು ಓದಿ "ಉಪ್ಪು ಖಾರ ಏನೂ ಇಲ್ವಲ್ರೀ" ಎಂದರು.

ಆ 31 ಮಾರ್ಚ್ ಬಗ್ಗೆ ಸ್ವಲ್ಪ ಹೇಳಬೇಕು. ಒಪ್ಪಂದದ 14ನೇ ಷರತ್ತಿನ ಪ್ರಕಾರ ನೋಟಿಸ್ ಹೋಗಬೇಕಾದ್ದು ಬ್ರಾಂಚಿಗಲ್ಲ, ಚೆನ್ನೈನಲ್ಲಿರುವ ರಿಜಿಸ್ಟರ್ಡ್ ಆಫೀಸಿಗೆ. ಅದೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ. ಇಮೇಲ್ ಬರೀ ಪ್ರತಿ. ದಿನದ ಲೆಕ್ಕ ಶುರುವಾಗುವುದು ನಾವು ಕಳಿಸಿದಾಗ ಅಲ್ಲ, ಅವರ ಕೈಗೆ ಸಿಕ್ಕಾಗ. ನಾನು ಜನವರಿ 10, ಶುಕ್ರವಾರ ಅಂಚೆಗೆ ಹಾಕಿ, ಅಕ್ನಾಲೆಜ್‌ಮೆಂಟ್ ಕಾರ್ಡ್ ಲಗತ್ತಿಸಿ ಬಂದೆ. ನಮಗೆ ಸಂಕ್ರಾಂತಿ ಒಂದು ದಿನದ ಎಳ್ಳು ಬೆಲ್ಲ, ಚೆನ್ನೈನಲ್ಲಿ ಪೊಂಗಲ್ ಅಂದರೆ ಆ ವಾರವೇ ಹೋದ ಹಾಗೆ ಎಂಬುದು ನೆನಪೇ ಇರಲಿಲ್ಲ. ಕಾರ್ಡ್ ವಾಪಸ್ ಬಂದಾಗ ಅದರ ಮೇಲೆ ಸೀಲು ಜನವರಿ 20ರದ್ದು.

ಪತ್ರದ ದಿನಾಂಕದಿಂದ ಎಣಿಸಿದ್ದರೆ 60 ದಿನ ಮಾರ್ಚ್ 11ಕ್ಕೆ ತುಂಬುತ್ತಿತ್ತು. ತಲುಪಿದ ದಿನ ಬಿಟ್ಟು ಮರುದಿನದಿಂದ ಎಣಿಸಿದರೆ ಜನವರಿಯಲ್ಲಿ 11, ಫೆಬ್ರವರಿಯಲ್ಲಿ 28, ಮಾರ್ಚ್‌ನಲ್ಲಿ 21, ಒಟ್ಟು 60. ಅಂದರೆ ನಿಜವಾದ ಕೊನೆಯ ದಿನ ಮಾರ್ಚ್ 21. ನಾವು ಮಾರ್ಚ್ 11 ಎಂದು ಬರೆದಿದ್ದರೆ ನೋಟಿಸ್ 10 ದಿನ ಕಡಿಮೆ ಬೀಳುತ್ತಿತ್ತು. ತಿಂಗಳ ಕೊನೆಯ ದಿನ ಹಾಕಿದ್ದರಿಂದ 10 ದಿನ ಕೈಯಲ್ಲೇ ಉಳಿಯಿತು. (2025ರಲ್ಲೇ ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿಗೆ ಸೇರಿಸಿದೆ. ಹಳೆ ಒಪ್ಪಂದಗಳಲ್ಲಿ ಇನ್ನೂ ಹಳೆ ಹೆಸರೇ ಇದೆ. ಈಗ ಕಳಿಸುವವರು ತಲುಪಿದ್ದಕ್ಕೆ ಪುರಾವೆ ಸಿಗುವ ಸೇವೆಯನ್ನು ಕೌಂಟರಿನಲ್ಲಿ ಕೇಳಿ ಪಡೆಯಿರಿ.)

ಪತ್ರ ತಲುಪಿದ ಎರಡೇ ದಿನಕ್ಕೆ ಬ್ರಾಂಚ್ ಮ್ಯಾನೇಜರ್ ಫೋನ್ ಮಾಡಿದರು. ಮೂರೂವರೆ ವರ್ಷದಲ್ಲಿ ಅವರ ದನಿ ಕೇಳಿದ್ದು ಅದೇ ಮೊದಲು.

"ಏನ್ ತೊಂದ್ರೆ ಆಯ್ತು ಸರ್? ಹೇಳಿದ್ರೆ ನಾವು ಸರಿ ಮಾಡ್ತಿದ್ವಲ್ಲ. ಈ ವರ್ಷ ಹತ್ತು ಪರ್ಸೆಂಟ್ ಕಡಿಮೆ ಮಾಡ್ಕೊಡ್ತೀವಿ."

ಬಾಯಿ ತುದಿಗೆ ಬಂದಿತ್ತು, ಎರಡು ಪುಟದ ಇಮೇಲ್ ಪೂರ್ತಿ. "ತೊಂದ್ರೆ ಏನಿಲ್ಲ ಸರ್, ಕಮಿಟಿ ತೀರ್ಮಾನ, 9.2" ಎಂದು ಸುಮ್ನಾದೆ. ಫೋನ್ ಇಟ್ಟ ಮೇಲೆ ನಡೆದ ಮಾತನ್ನು ಒಂದು ಸಾಲಿನ ಇಮೇಲ್ ಮಾಡಿ, ನೋಟಿಸ್ ವಾಪಸ್ ತೆಗೆದುಕೊಂಡಿಲ್ಲ ಎಂದು ಕಳಿಸಿದೆ.

ಆಮೇಲಿನ ಎರಡು ತಿಂಗಳೇ ಆ ಮೂರನೇ ಸ್ಟಾರ್‌ಗೆ ಕಾರಣ. ಫೆಬ್ರವರಿಯಲ್ಲಿ ಬಲಗಡೆ ಲಿಫ್ಟಿನ ಬಾಗಿಲು ಮುಚ್ಚಿ ಮುಚ್ಚಿ ಮತ್ತೆ ತೆಗೆದುಕೊಳ್ಳಲು ಶುರುವಾಯಿತು. ಫೋನ್ ಮಾಡಿದ 40 ನಿಮಿಷಕ್ಕೆ ಮೆಕ್ಯಾನಿಕ್ ಹಾಜರ್. ಸೆನ್ಸರ್ ಒರೆಸಿ ನೋಡಿದ, ಆಗಲಿಲ್ಲ, ದುಡ್ಡು ಕೇಳದೆ ಹೊಸದು ಹಾಕಿದ. ನೋಟಿಸ್‌ನಲ್ಲಿ ನಾವು ಬೈದಿದ್ದರೆ ಹೀಗೆ ಬರುತ್ತಿದ್ದರೋ ಇಲ್ಲವೋ, ನನಗೆ ಅನುಮಾನ ಇದೆ. ನೋಟಿಸ್ ಕೊಟ್ಟ ಮೇಲೂ ಅದೇ ಲಿಫ್ಟಿನಲ್ಲಿ ಅದೇ ಜನರ ಕೈಯಲ್ಲಿ ಎರಡು ತಿಂಗಳು ಓಡಾಡಬೇಕಲ್ಲ!

ಹಸ್ತಾಂತರಕ್ಕೆ ಮಾರ್ಚ್ 31 ಎಂದುಕೊಂಡಿದ್ದೆವು. ಕ್ಯಾಲೆಂಡರ್ ನೋಡಿದರೆ 30 ಯುಗಾದಿ, 31 ರಂಜಾನ್. 28ಕ್ಕೆ ಹಿಂದೆ ಹಾಕಿಕೊಂಡೆವು. ಹೊಸ ಕಂಪನಿಯ ಮೆಕ್ಯಾನಿಕ್ಕನ್ನೂ ಅವತ್ತೇ ಕರೆಸಿದ್ದು ಒಳ್ಳೆಯದಾಯಿತು. ಇಬ್ಬರೂ ಒಟ್ಟಿಗೆ ಮೆಷಿನ್ ರೂಮಿಗೆ ಹತ್ತಿ ರೋಪ್, ಬ್ರೇಕ್, ಪ್ರತಿ ಮಹಡಿಯ ಡೋರ್ ಲಾಕ್ ನೋಡಿ, ಇದ್ದದ್ದನ್ನು ಇದ್ದ ಹಾಗೆ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿದರು. ಮೂರನೇ ಮಹಡಿಯ ಆ ಒಂದಿಂಚು ಕೂಡ ಪಟ್ಟಿಯಲ್ಲಿತ್ತು. ಕಂಟ್ರೋಲರ್ ಪಾಸ್‌ವರ್ಡ್ ಮಾತ್ರ 'ಹೆಡ್ ಆಫೀಸಿಂದ ಬರ್ಬೇಕು' ಎಂದು ಒಂದು ವಾರ ಎಳೆದರು. ನೋಟಿಸ್‌ನಲ್ಲಿ ಕೀ, ಲಾಗ್ ಬುಕ್ ಎಂದಷ್ಟೇ ಬರೆದಿದ್ದೆ, ಪಾಸ್‌ವರ್ಡ್ ಬರೆದಿರಲಿಲ್ಲ. ಅದು ನನ್ನ ತಪ್ಪು.

ಇನ್ನು ದುಡ್ಡು. ಒಪ್ಪಂದದ ವರ್ಷ ಜೂನ್ 30ರವರೆಗೆ. ಏಪ್ರಿಲ್ 1ರಿಂದ ಲೆಕ್ಕ ಹಾಕಿದರೆ 91 ದಿನ ಬಾಕಿ. 73,000ವನ್ನು 365ರಿಂದ ಭಾಗಿಸಿದರೆ ದಿನಕ್ಕೆ 200, ಹಾಗಾಗಿ 18,200 ರೂಪಾಯಿ. ಮೇ ತಿಂಗಳಲ್ಲಿ ಸರಿಯಾಗಿ ಅಷ್ಟೇ ಬಂತು. ನಾವು ಕಟ್ಟಿದ್ದು ಜಿಎಸ್‌ಟಿ ಸೇರಿಸಿ, ಅವರು ಕೊಟ್ಟಿದ್ದು ಬಿಟ್ಟು. ಆ 91 ದಿನದ ಜಿಎಸ್‌ಟಿ 3,276. ಇಲ್ಲೂ ರಾಯರಿಗೆ ಬರೆಯಲು ಬಿಡದೆ ನಾನೇ ಎರಡು ಸಾಲು ಬರೆದೆ: ಇನ್‌ವಾಯ್ಸ್ ನಂಬರ್ ಇದು, ಷರತ್ತು 9.4, ಕ್ರೆಡಿಟ್ ನೋಟ್ ಕೊಟ್ಟು ತೆರಿಗೆಯ ಭಾಗವನ್ನೂ ಹಿಂತಿರುಗಿಸಿ. ಜೂನ್ ಎರಡನೇ ವಾರ ಅದೂ ಜಮಾ ಆಯಿತು. ಪಾಸ್‌ಬುಕ್ಕಿನಲ್ಲಿ ಆ ಸಾಲಿನ ಪಕ್ಕ ರಾಯರು ಪೆನ್ಸಿಲ್‌ನಲ್ಲಿ '9.4' ಎಂದು ಬರೆದಿಟ್ಟಿದ್ದಾರೆ.