ಪಂಪ್ ಡೇಟಾಶೀಟಿನಲ್ಲಿ 80 ಪರ್ಸೆಂಟ್ ಅಂತ ಕಂಡರೆ ಪೂರ್ತಿ ಕರ್ವ್ ನೋಡದೆ ಸಹಿ ಹಾಕಬೇಡಿ

ಕಂಟ್ರಾಕ್ಟರ್ ಕಳಿಸುವ ಪಂಪ್ ಸಬ್ಮಿಟಲ್ ನೋಡಿ ಕಾಮೆಂಟ್ ಬರೆಯುವ ಕೆಲಸ ನಿಮ್ಮದಾದರೆ ಇದನ್ನು ಓದಿ. ಇಷ್ಟು ವರ್ಷ ಇದೇ ಕೆಲಸ ಮಾಡಿಕೊಂಡು ಮಂಗಳೂರಿನಲ್ಲಿ ಕೂತಿದ್ದೇನೆ. ಇಷ್ಟು ನಾಜೂಕಾಗಿ ಯಾರೂ ಟೋಪಿ ಹಾಕಲು ಬಂದಿರಲಿಲ್ಲ. ಕಂಪನಿ ಹೆಸರು ಬರೆಯುವುದಿಲ್ಲ, ಕೇಳಬೇಡಿ.

ಉಡುಪಿ ಕಡೆಯ ಒಂದು ಊರಿನ ಕುಡಿಯುವ ನೀರಿನ ಕೆಲಸ. ಕೆಳಗಿನ ಸಂಪಿನಿಂದ ಗುಡ್ಡದ ಮೇಲಿನ ಟ್ಯಾಂಕಿಗೆ ನೀರು ಹೋಗಬೇಕು. ಎರಡು ಪಂಪು ಒಟ್ಟಿಗೆ ಓಡುತ್ತವೆ, ಮೂರನೆಯದು ಸ್ಟ್ಯಾಂಡ್‌ಬೈ. ಒಂದೊಂದು ಪಂಪು ಗಂಟೆಗೆ 150 ಘನ ಮೀಟರ್ ನೀರನ್ನು 48 ಮೀಟರ್ ಹೆಡ್‌ಗೆ ಎತ್ತಬೇಕು. ಅದೇ ಡ್ಯೂಟಿ ಪಾಯಿಂಟ್. ಆ 48ರಲ್ಲಿ 35 ಮೀಟರ್ ಎತ್ತರ, ಉಳಿದ 13 ಮೀಟರ್ ಪೈಪಿನ ಘರ್ಷಣೆ. ಈ 13 ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಡೇಟಾಶೀಟ್ ಬಂತು. ಹರಿವು 150, ಹೆಡ್ 48, ಎಫಿಶಿಯೆನ್ಸಿ 80 ಪರ್ಸೆಂಟ್, ಶಾಫ್ಟ್ ಪವರ್ 24.5 ಕಿಲೋವ್ಯಾಟ್, ಮೋಟರ್ 30. ಎಲ್ಲರೂ ಮಾಡುವಂತೆ ಲೆಕ್ಕ ಹಾಕಿದೆ. 150ನ್ನು 48ರಿಂದ ಗುಣಿಸಿ 367ರಿಂದ ಭಾಗಿಸಿದರೆ 19.6 ಕಿಲೋವ್ಯಾಟ್. ಅದನ್ನು 0.80ರಿಂದ ಭಾಗಿಸಿದರೆ 24.5. ಸರಿಯಾಗಿಯೇ ಉಂಟಲ್ಲ! ಮೋಟರ್ ಮಾರ್ಜಿನ್ 22 ಪರ್ಸೆಂಟ್, ನಮ್ಮ ಟೆಂಡರ್ ಕೇಳಿದ್ದು 15. ನೋಡಲು ಬಹಳ ಚಂದದ ಶೀಟ್. ಆದರೆ ಜೊತೆಗೆ ಕರ್ವ್ ಇರಲಿಲ್ಲ. ಕರ್ವ್ ಇಲ್ಲದ ಶೀಟ್ ಅಂದ್ರೆ ಕಂಟ್ರಾಕ್ಟರ್ ಹೇಳಿದ ಮಾತು, ಅಷ್ಟೇ.

ಕಾಮೆಂಟ್ ಲೆಟರ್‌ನಲ್ಲಿ ಮೂರೇ ವಿಷಯ ಬರೆದೆ. ನೀವು ಕೊಡುವ ಇಂಪೆಲ್ಲರ್ ವ್ಯಾಸದ ಕರ್ವ್ ಮೇಲೆ ಡ್ಯೂಟಿ ಪಾಯಿಂಟ್ ಗುರುತು ಮಾಡಿ ಕೊಡಿ. ಆ ಬಿಂದುವಿನಲ್ಲಿ ಎಫಿಶಿಯೆನ್ಸಿ ಎಷ್ಟು ಹೇಳಿ. ಒಂದೇ ಪಂಪು ಓಡುವಾಗ ಶಾಫ್ಟ್ ಪವರ್ ಎಷ್ಟಾಗುತ್ತದೆ ತೋರಿಸಿ.

ಉತ್ತರ ಹೇಗಿತ್ತು ಗೊತ್ತಾ? ಮೊದಲನೆಯದಕ್ಕೆ "ಅಟ್ಯಾಚ್ಡ್". ಎರಡನೆಯದಕ್ಕೆ "ಕನ್ಫರ್ಮ್ಡ್". ಮೂರನೆಯದಕ್ಕೆ "ನಾಟ್ ಅಪ್ಲಿಕೇಬಲ್". ಎಂತದು ಕನ್ಫರ್ಮ್ಡ್? ಎಷ್ಟು ಅಂತ ಕೇಳಿದರೆ ಕನ್ಫರ್ಮ್ಡ್ ಅನ್ನುವುದು ಉತ್ತರವಾ?

ಅಟ್ಯಾಚ್ ಮಾಡಿದ ಕರ್ವ್ ಇನ್ನೂ ಮಜಾ. ಹರಿವು–ಹೆಡ್ ಗೆರೆ ಉಂಟು, ಅದರ ಮೇಲೆ ಕೆಂಪು ಚುಕ್ಕೆ ಉಂಟು. ಚುಕ್ಕೆ 150 ಮತ್ತು 48ರಲ್ಲಿ ಸರಿಯಾಗಿ ಕೂತಿದೆ. ಆದರೆ ಪುಟದ ಕೆಳಗಿನ ಅರ್ಧ ಬಿಳಿ. ಎಫಿಶಿಯೆನ್ಸಿ ಗೆರೆ ಮತ್ತು ಪವರ್ ಗೆರೆ ಇರುವುದೇ ಅಲ್ಲಿ. ಕತ್ತರಿಸಿ ಹಾಕಿದ್ದಾರೆ! ಕೆಳಗಿನ ಗೆರೆಗಳಿಲ್ಲದ ಕರ್ವ್ ಪಂಪು ನೀರು ಎತ್ತುತ್ತದೆ ಅಂತ ಹೇಳುತ್ತದೆ, ಎಷ್ಟು ಕರೆಂಟು ತಿನ್ನುತ್ತದೆ ಅಂತ ಹೇಳುವುದಿಲ್ಲ.

ಮಾಡೆಲ್ ನಂಬರ್ ಹಿಡಿದು ತಯಾರಕರ ಕ್ಯಾಟಲಾಗ್ ಹುಡುಕಿ ಅದೇ ಕರ್ವ್ ಪೂರ್ತಿ ತೆಗೆದೆ. ಅದೇ ಸ್ಪೀಡ್, ಅದೇ ಇಂಪೆಲ್ಲರ್. 80 ಪರ್ಸೆಂಟ್ ಇರುವುದು ನಿಜ. ಆದರೆ ಎಲ್ಲಿ? ಗಂಟೆಗೆ 110 ಘನ ಮೀಟರ್‌ನಲ್ಲಿ! ಅದು ಆ ಪಂಪಿನ ಅತ್ಯುತ್ತಮ ಬಿಂದು. ನಮಗೆ ಬೇಕಾದ 150ಕ್ಕೆ ಬರುವಾಗ ಗೆರೆ ಇಳಿದು 71ಕ್ಕೆ ಬಂದಿದೆ. ಅಂದರೆ ಶಾಫ್ಟ್ ಪವರ್ 24.5 ಅಲ್ಲ, 27.6. ಮಾರ್ಜಿನ್ 22 ಪರ್ಸೆಂಟ್ ಅಲ್ಲ, 9ಕ್ಕಿಂತ ಕಡಿಮೆ. ಮೇಲಿಂದ ನಮ್ಮ ಡ್ಯೂಟಿ ಆ ಅತ್ಯುತ್ತಮ ಬಿಂದುವಿನ 136 ಪರ್ಸೆಂಟ್‌ನಲ್ಲಿ ಕೂತಿದೆ. ಸಾಮಾನ್ಯವಾಗಿ 70ರಿಂದ 120 ಪರ್ಸೆಂಟ್ ಒಳಗೆ ಓಡಿಸಿ ಅನ್ನುತ್ತಾರೆ. ಅದರಾಚೆ ಕಂಪನ, ಬೇರಿಂಗ್, ಸೀಲ್ ಎಲ್ಲದಕ್ಕೂ ತೊಂದರೆ.

ಆಗ ಮೈ ಉರಿದದ್ದು ಹೇಳಿ ಸುಖ ಇಲ್ಲ. ಸಣ್ಣ ಪಂಪನ್ನು ಎಳೆದು ದೊಡ್ಡ ಕೆಲಸಕ್ಕೆ ಹಾಕಿದ್ದಾರೆ, ಅಷ್ಟೇ ವಿಷಯ.

ಫೋನ್ ಮಾಡಿದೆ. ಅವರ ಎಂಜಿನಿಯರ್ ಹೇಳಿದ್ದು ಹೀಗೆ: "ಸಾರ್, 80 ಅಂತ ಬರೆದದ್ದು ಪಂಪಿನ ಎಫಿಶಿಯೆನ್ಸಿ. ಡ್ಯೂಟಿ ಪಾಯಿಂಟಿನಲ್ಲಿ ಅಂತ ನಾವು ಎಲ್ಲಿ ಬರೆದಿದ್ದೇವೆ?"

ಹೌದಾ? ಹಾಗಾದರೆ 24.5 ಎಲ್ಲಿಂದ ಬಂತು ಮಾರಾಯ? 150, 48 ಮತ್ತು 80, ಈ ಮೂರನ್ನೂ ಸೇರಿಸದೆ 24.5 ಬರುವುದಿಲ್ಲ. ಬೇರೆ ಬಿಂದುವಿನ ಎಫಿಶಿಯೆನ್ಸಿಯನ್ನು ನಮ್ಮ ಹರಿವಿಗೆ ಹಾಕಿ ನೀವೇ ಲೆಕ್ಕ ಮಾಡಿದ್ದೀರಿ. ಇದನ್ನು ಕೇಳಿದಾಗ "ಚೆಕ್ ಮಾಡಿ ಹೇಳ್ತೇನೆ ಸಾರ್" ಅಂತ ಫೋನ್ ಇಟ್ಟ.

ಚೆಕ್ ಮಾಡಿ ಹೇಳಿದ್ದು ಇನ್ನೂ ಚಂದ. ಐಎಸ್‌ಒ 9906ರಲ್ಲಿ ಟಾಲರೆನ್ಸ್ ಉಂಟಂತೆ. ಉಂಟು, ಇಲ್ಲ ಅಂದವರು ಯಾರು? ಗ್ರೇಡ್ 2ಬಿ ಆದರೆ ಎಫಿಶಿಯೆನ್ಸಿಗೆ ಮೈನಸ್ 5 ಪರ್ಸೆಂಟ್. 80ರ 5 ಪರ್ಸೆಂಟ್ ಅಂದರೆ 4. ಹಾಗೆ ಹಿಡಿದರೂ 76ಕ್ಕೆ ನಿಲ್ಲಬೇಕು, 71ಕ್ಕೆ ಅಲ್ಲ. ಅದಕ್ಕಿಂತ ಮುಖ್ಯ, ಆ ಟಾಲರೆನ್ಸ್ ಇರುವುದು ಗ್ಯಾರಂಟಿ ಕೊಟ್ಟ ಅಂಕಿಗೂ ಫ್ಯಾಕ್ಟರಿ ಟೆಸ್ಟಿನಲ್ಲಿ ಬಂದ ಅಂಕಿಗೂ ನಡುವೆ. ಕರ್ವ್‌ನಲ್ಲಿ ಒಂದು ಇದ್ದು ಶೀಟಿನಲ್ಲಿ ಇನ್ನೊಂದು ಬರೆಯಲಿಕ್ಕೆ ಅಲ್ಲ.

ಇನ್ನು "ನಾಟ್ ಅಪ್ಲಿಕೇಬಲ್" ಅಂದ ಮೂರನೆಯ ಕಾಮೆಂಟ್. ಮೋಟರ್ ಸುಡುವುದು ಇಲ್ಲೇ. ರಾತ್ರಿ ಒಂದೇ ಪಂಪು ಓಡುವಾಗ ಪೈಪಿನಲ್ಲಿ ನೀರು ಕಡಿಮೆ, ಹಾಗಾಗಿ ಘರ್ಷಣೆ ಕಡಿಮೆ. 13 ಮೀಟರ್ ಇದ್ದದ್ದು 5ಕ್ಕೂ ಕೆಳಗೆ ಬರುತ್ತದೆ. ಎದುರಿನ ಒತ್ತಡ ಇಳಿದ ಕೂಡಲೇ ಪಂಪು ಕರ್ವ್ ಮೇಲೆ ಬಲಕ್ಕೆ ಜಾರುತ್ತದೆ. ಈ ಪಂಪು ಹೋಗಿ ನಿಲ್ಲುವುದು 180 ಘನ ಮೀಟರ್, 40 ಮೀಟರ್ ಹೆಡ್‌ನಲ್ಲಿ. ಅಲ್ಲಿ ಎಫಿಶಿಯೆನ್ಸಿ 62. ಲೆಕ್ಕ ಹಾಕಿ, 31.6 ಕಿಲೋವ್ಯಾಟ್. ಮೋಟರ್ ಇರುವುದೇ 30! ಮಾರ್ಜಿನ್ ಬಿಡಿ, ಮೋಟರೇ ಸಾಲುವುದಿಲ್ಲ. ರಿಲೇ ಸರಿಯಾಗಿ ಸೆಟ್ ಮಾಡಿದ್ದರೆ ರಾತ್ರಿ ಟ್ರಿಪ್ ಆಗುತ್ತದೆ, ಬೆಳಿಗ್ಗೆ ನಲ್ಲಿಯಲ್ಲಿ ನೀರಿಲ್ಲ. ಆಪರೇಟರ್ ಬೇಸತ್ತು ರಿಲೇ ಏರಿಸಿದರೆ ವೈಂಡಿಂಗ್ ಹೋಗುತ್ತದೆ.

ಮೀಟಿಂಗಿನಲ್ಲಿ ಕಂಟ್ರಾಕ್ಟರ್ ಸ್ವತಃ ಬಂದಿದ್ದರು. ಕ್ಲೈಂಟ್ ಎದುರಿಗೇ ನಗುತ್ತಾ, "ಎಂತ ಮಾರಾಯ್ರೆ, ಒಂದು ಪಂಪಿಗೆ ಇಷ್ಟೆಲ್ಲ ಕಾಗದವಾ? ವಾಲ್ವ್ ಸ್ವಲ್ಪ ಮುಚ್ಚಿ ಓಡಿಸಿದರೆ ಆಯ್ತಲ್ವಾ?" ಅಂದರು. ಕ್ಲೈಂಟ್ ಕಡೆಯವರೂ ನಕ್ಕರು. ನಾನೊಬ್ಬ ಕೆಲಸ ನಿಲ್ಲಿಸಲಿಕ್ಕೆ ಕೂತವನ ಹಾಗೆ ಆದೆ. ಮುಖ ಬಿಸಿಯಾಯಿತು, ಸುಳ್ಳು ಯಾಕೆ ಹೇಳಲಿ.

ವಾಲ್ವ್ ಮುಚ್ಚಿ ಓಡಿಸುವುದಕ್ಕೆ ಕರೆಂಟ್ ಬಿಲ್ ಕಟ್ಟುವವರು ಯಾರು? ವಾಲ್ವ್ ಮಾತು ಬಿಡಿ, ಬರೀ ಡ್ಯೂಟಿಯಲ್ಲಿ 80 ಅಂತ ಹೇಳಿ 71 ಕೊಟ್ಟದ್ದಕ್ಕೆ ಒಂದೊಂದು ಪಂಪಿಗೆ 3 ಕಿಲೋವ್ಯಾಟ್‌ಗಿಂತ ಜಾಸ್ತಿ ದಂಡ. ದಿನಕ್ಕೆ 16 ಗಂಟೆ ಓಡಿದರೆ ವರ್ಷಕ್ಕೆ 18,000 ಯೂನಿಟ್‌ಗಿಂತ ಜಾಸ್ತಿ, ಅದೂ ಒಂದೇ ಪಂಪಿಗೆ. ಈ ಅಂಕಿ ಹೇಳಿದ ಮೇಲೆ ನಗು ನಿಂತಿತು.

ಆಮೇಲೆ ಗೊತ್ತಾಯಿತು, ಅಪ್ರೂವಲ್‌ಗೆ ಮೊದಲೇ 30 ಕಿಲೋವ್ಯಾಟ್‌ನ ಸ್ಟಾರ್ಟರ್ ಹಾಕಿ ಪ್ಯಾನಲ್ ಆರ್ಡರ್ ಮಾಡಿಬಿಟ್ಟಿದ್ದರು. ಮೋಟರ್ 37 ಆದರೆ ಸ್ಟಾರ್ಟರ್, ಕೇಬಲ್ ಎಲ್ಲ ಬದಲಾಗಬೇಕು. ಅದಕ್ಕೇ ಈ ಕತ್ತರಿ ಕೆಲಸ.

ನಿಮಗೆ ಹೇಳುವುದಿಷ್ಟೇ. "ಕನ್ಫರ್ಮ್ ಮಾಡಿ" ಅಂತ ಕಾಮೆಂಟ್ ಬರೆಯಲೇ ಬೇಡಿ, ಅಂಕಿ ಕೇಳಿ. ಎಷ್ಟು ಅಂತ ಕೇಳಿದರೂ ಕನ್ಫರ್ಮ್ಡ್ ಅನ್ನುವವರಿದ್ದಾರೆ, ನೀವೇ ಆ ಪದ ಬರೆದುಕೊಟ್ಟರೆ ಬಿಡುತ್ತಾರಾ? ಎಫಿಶಿಯೆನ್ಸಿ ಮತ್ತು ಪವರ್ ಗೆರೆ ಇಲ್ಲದ ಕರ್ವ್ ಬಂದರೆ ಹಾಗೇ ವಾಪಸ್ ಕಳಿಸಿ. ಮಾರ್ಜಿನ್ ನೋಡುವಾಗ ಡ್ಯೂಟಿ ಪಾಯಿಂಟ್ ಒಂದೇ ಸಾಲದು, ಒಂಟಿ ಪಂಪು ಹೋಗಿ ನಿಲ್ಲುವ ಬಿಂದುವಿನ ಪವರ್ ಕೂಡ ಹಿಡಿಯಿರಿ. "ಅಪ್ರೂವ್ಡ್ ವಿತ್ ಕಾಮೆಂಟ್ಸ್" ಅಂತ ಕೊಡಬೇಡಿ, ಅವರು ಮೊದಲ ಪದ ಮಾತ್ರ ಓದುತ್ತಾರೆ. ನಾನು ಸಿ ಕೋಡ್ ಹಾಕಿದೆ, ರಿವೈಸ್ ಮಾಡಿ ಮತ್ತೆ ಕಳಿಸಿ ಅಂತ.

ಕೊನೆಗೆ ಒಂದು ಸೈಜ್ ದೊಡ್ಡ ಪಂಪು ಬಂತು. 150ರಲ್ಲೇ 79 ಪರ್ಸೆಂಟ್, ಕರ್ವ್ ಪೂರ್ತಿ ಉಂಟು. ಅದರ ಜೊತೆಗೆ ಒಂದು ಲೆಟರ್ ಕೂಡ ಬಂತು. ಕನ್ಸಲ್ಟೆಂಟ್ ಅಪ್ರೂವಲ್ ತಡ ಮಾಡಿದ್ದರಿಂದ ಕೆಲಸ ತಡವಾಗಿದೆ, ಹೆಚ್ಚು ಸಮಯ ಕೊಡಬೇಕು ಅಂತ. ಅದಕ್ಕೆ ಉತ್ತರವಾಗಿ ಆ ಕತ್ತರಿಸಿದ ಕರ್ವ್‌ನ ಪ್ರತಿಯನ್ನೇ ಲಗತ್ತಿಸಿ ಕಳಿಸಿದ್ದೇನೆ.