ಆಕಾಶ ಮುಚ್ಚಿತ್ತು ಎಂಬ ಉತ್ತರವನ್ನು ನಂಬಿ ಪರಿಹಾರದ ಹಕ್ಕನ್ನೇ ಕಳೆದುಕೊಂಡೆ

ನಾನು ಹತ್ತಬೇಕಿದ್ದ ಅಂತಾರಾಷ್ಟ್ರೀಯ ವಿಮಾನ 58 ಗಂಟೆ ತಡವಾಗಿ ಹೊರಟಿತು. ಆ ವಿಳಂಬದಿಂದ ನನಗಾದ ನಷ್ಟದಲ್ಲಿ ಬಹುಪಾಲನ್ನು ವಿಮಾನಯಾನ ಸಂಸ್ಥೆಯಿಂದ ವಸೂಲಿ ಮಾಡಬಹುದಾಗಿತ್ತು ಎಂದು ವಕೀಲರೊಬ್ಬರು ಕಡತ ನೋಡಿ ಹೇಳಿದರು. ಆದರೆ ನಾನು ಅವರ ಬಳಿ ಹೋಗುವಷ್ಟರಲ್ಲಿ ಆ ಹಕ್ಕು ಅಳಿದುಹೋಗಿ ಒಂದು ತಿಂಗಳಾಗಿತ್ತು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಎಲ್ಲೆಲ್ಲಿ ಎಡವಿದೆ ಎಂಬುದನ್ನು ಮಾತ್ರ ವಿವರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಇದೇ ಉತ್ತರ ಇನ್ನೂ ಅನೇಕರಿಗೆ ಬರುತ್ತಿರುತ್ತದೆ.

ನಡೆದದ್ದು ಇಷ್ಟು. ಎರಡು ಹಂತದ ಪ್ರಯಾಣದಲ್ಲಿ ಮೊದಲ ವಿಮಾನ ಸರಿಯಾದ ಸಮಯಕ್ಕೆ ತಲುಪಿತು. ಎರಡನೆಯದು ವಿಶ್ವ ಸಮಯದ ಲೆಕ್ಕದಲ್ಲಿ ಬೆಳಗಿನ 6 ಗಂಟೆಗೆ ಹೊರಡಬೇಕಿತ್ತು. ಅದಕ್ಕೆ ಒಂದು ಗಂಟೆ ಮೊದಲು, ದಾರಿಯಲ್ಲಿ ಬರುವ ದೇಶವೊಂದು ಭದ್ರತೆಯ ಕಾರಣದಿಂದ ತನ್ನ ವಾಯುಪ್ರದೇಶವನ್ನು ಮುಚ್ಚಿತು. ಅದೇ ದಿನ ಸಂಜೆ 4 ಗಂಟೆಗೆ ಅದು ಮತ್ತೆ ತೆರೆಯಿತು. ಮರುದಿನ ಬೆಳಿಗ್ಗೆ ಬೇರೆ ಸಂಸ್ಥೆಗಳ ಎರಡು ವಿಮಾನಗಳು ಅದೇ ನಿಲ್ದಾಣದಿಂದ ನಾನು ಹೋಗಬೇಕಿದ್ದ ಊರಿಗೆ ಹಾರಿದವು. ನಮ್ಮ ವಿಮಾನ ಹೊರಟದ್ದು ಮೂರನೆಯ ದಿನ ಸಂಜೆ 4 ಗಂಟೆಗೆ, ಅಂದರೆ ಆಕಾಶ ತೆರೆದು ಸರಿಯಾಗಿ 48 ಗಂಟೆಗಳ ಬಳಿಕ. ಈ ನಡುವೆ ಹೋಟೆಲಿಗೆ, ಊಟಕ್ಕೆ ಮತ್ತು ಮುಂಗಡ ಕಟ್ಟಿ ಹಾಜರಾಗಲಾಗದೆ ಹೋದ ತರಬೇತಿಯೊಂದಕ್ಕೆ ನನ್ನ ಕೈಯಿಂದ ಹೋದ ಹಣ ಸುಮಾರು 1,400 ಎಸ್‌ಡಿಆರ್‌ನಷ್ಟಾಯಿತು. ಎಸ್‌ಡಿಆರ್ ಎಂದರೆ ಅಂತಾರಾಷ್ಟ್ರೀಯ ಹಣಕಾಸು ನಿಧಿ ಬಳಸುವ ಲೆಕ್ಕದ ಮಾನ. ವಿಮಾನಯಾನ ಒಪ್ಪಂದದ ಪರಿಹಾರ ಮಿತಿಗಳೆಲ್ಲ ಅದರಲ್ಲೇ ಇವೆ.

ಹಿಂತಿರುಗಿದ ಮೇಲೆ ಬರೆದ ದೂರಿಗೆ ಬಂದ ಉತ್ತರದ ಸಾರ ಒಂದೇ ಸಾಲಿನದು: ವಾಯುಪ್ರದೇಶ ಮುಚ್ಚಿದ್ದು ಒಂದು ಸಾರ್ವಭೌಮ ರಾಷ್ಟ್ರದ ನಿರ್ಧಾರ, ಆದ್ದರಿಂದ ಸಂಸ್ಥೆಗೆ ಹೊಣೆಯಿಲ್ಲ. ಮೊದಲ ಓದಿಗೆ ಇದಕ್ಕೆ ಎದುರಾಡಲು ಏನೂ ಇಲ್ಲವೆನಿಸಿತು. ಏಕೆಂದರೆ ಮೊದಲರ್ಧ ನಿಜ. 1944ರ ಡಿಸೆಂಬರ್ 7ರಂದು ಸಹಿಯಾದ ಷಿಕಾಗೊ ಒಪ್ಪಂದದ ಮೊದಲನೆಯ ವಿಧಿಯೇ, ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ನೆಲ ಮತ್ತು ಕರಾವಳಿ ಜಲಪ್ರದೇಶದ ಮೇಲಿನ ಆಕಾಶದಲ್ಲಿ ಸಂಪೂರ್ಣವಾದ, ಬೇರೆ ಯಾರಿಗೂ ಪಾಲಿಲ್ಲದ ಅಧಿಕಾರವಿದೆ ಎಂದು ಹೇಳುತ್ತದೆ. ಒಂಬತ್ತನೆಯ ವಿಧಿಯ ಪ್ರಕಾರ, ತುರ್ತು ಸಂದರ್ಭದಲ್ಲಿ ಆ ರಾಷ್ಟ್ರವು ತನ್ನ ಆಕಾಶದ ಒಂದು ಭಾಗವನ್ನೋ ಇಡೀ ಆಕಾಶವನ್ನೋ ತಕ್ಷಣದಿಂದಲೇ ತಾತ್ಕಾಲಿಕವಾಗಿ ಮುಚ್ಚಬಹುದು. ಹಾಗೆ ಮುಚ್ಚುವಾಗ ಬೇರೆ ಬೇರೆ ದೇಶಗಳ ವಿಮಾನಗಳ ನಡುವೆ ಭೇದ ಮಾಡಬಾರದು, ಅಷ್ಟೇ. ಈ ಒಪ್ಪಂದ ರಾಷ್ಟ್ರ ರಾಷ್ಟ್ರಗಳ ನಡುವಿನದು. ಪ್ರಯಾಣಿಕನು ಇದನ್ನು ಹಿಡಿದುಕೊಂಡು ಆ ದೇಶದಿಂದ ಪರಿಹಾರ ಕೇಳುವಂತಿಲ್ಲ, ವಿಮಾನ ಸಂಸ್ಥೆಯು ಆ ಆದೇಶವನ್ನು ಮೀರಿ ಹಾರುವಂತೆಯೂ ಇಲ್ಲ.

ನನ್ನ ಮೊದಲ ತಪ್ಪು ಉತ್ತರದ ಎರಡನೆಯ ಅರ್ಧವನ್ನೂ ಹಾಗೆಯೇ ನಂಬಿದ್ದು. ಪ್ರಯಾಣಿಕ ಮತ್ತು ಸಂಸ್ಥೆಯ ನಡುವಿನ ಹೊಣೆಯನ್ನು ನಿರ್ಧರಿಸುವುದು ಷಿಕಾಗೊ ಒಪ್ಪಂದವಲ್ಲ, 1999ರ ಮಾಂಟ್ರಿಯಲ್ ಒಪ್ಪಂದ. 1929ರ ವಾರ್ಸಾ ಒಪ್ಪಂದದ ಜಾಗದಲ್ಲಿ ಬಂದ ಇದರ ಹತ್ತೊಂಬತ್ತನೆಯ ವಿಧಿಯನ್ನು ನಿಧಾನವಾಗಿ ಓದಬೇಕು. ವಿಳಂಬದಿಂದಾದ ನಷ್ಟಕ್ಕೆ ಸಂಸ್ಥೆ ಹೊಣೆ ಎಂಬುದು ಅಲ್ಲಿನ ಮೂಲ ನಿಯಮ. ತಾನೂ ತನ್ನ ನೌಕರರೂ ಪ್ರತಿನಿಧಿಗಳೂ ಆ ನಷ್ಟವನ್ನು ತಪ್ಪಿಸಲು ನ್ಯಾಯವಾಗಿ ನಿರೀಕ್ಷಿಸಬಹುದಾದ ಎಲ್ಲ ಕ್ರಮಗಳನ್ನೂ ಕೈಗೊಂಡಿದ್ದೆವು, ಅಥವಾ ಕೈಗೊಳ್ಳುವುದು ಅಸಾಧ್ಯವಾಗಿತ್ತು ಎಂದು ಸಂಸ್ಥೆ ರುಜುವಾತುಪಡಿಸಿದರೆ ಮಾತ್ರ ಅದು ಹೊಣೆಯಿಂದ ಪಾರಾಗುತ್ತದೆ. ಇಲ್ಲಿ ಎರಡು ಸಂಗತಿಗಳಿವೆ. ರುಜುವಾತಿನ ಭಾರ ಸಂಸ್ಥೆಯ ಮೇಲಿದೆ. ಮತ್ತು ತಪ್ಪಿಸಬೇಕಾದದ್ದು ಯಾವುದೆಂದರೆ ನಷ್ಟ. ಆಕಾಶ ಮುಚ್ಚುವುದನ್ನು ತಪ್ಪಿಸಿ ಎಂದು ಯಾರೂ ಕೇಳುತ್ತಿಲ್ಲ.

ಹೀಗೆ ಓದಿದಾಗ ನನ್ನ 58 ಗಂಟೆಗಳು ಎರಡು ಭಾಗವಾಗುತ್ತವೆ. ಮೊದಲ 10 ಗಂಟೆ ಹಾರಲು ದಾರಿಯೇ ಇರಲಿಲ್ಲ. ಅದರ ಖರ್ಚನ್ನು ಕೇಳುವುದರಲ್ಲಿ ಅರ್ಥವಿಲ್ಲ. ತೆರೆದ ಮೇಲಿನ ಕೆಲವು ಗಂಟೆಗಳನ್ನೂ ನಾನು ಬಿಟ್ಟುಕೊಡುತ್ತೇನೆ. ಆ ಹೊತ್ತಿಗೆ ಸಿಬ್ಬಂದಿಯ ಕೆಲಸದ ಅವಧಿಯ ಮಿತಿ ಮುಗಿದಿರುತ್ತದೆ, ನಿಂತ ವಿಮಾನಗಳೆಲ್ಲ ಒಟ್ಟಿಗೆ ಹೊರಡಲು ಸಾಲುಗಟ್ಟಿರುತ್ತವೆ. ಆದರೆ ಮರುದಿನ ಬೆಳಿಗ್ಗೆ ಬೇರೆ ಸಂಸ್ಥೆಗಳ ವಿಮಾನಗಳಲ್ಲಿ ಸೀಟುಗಳಿದ್ದಾಗ ನಮ್ಮನ್ನು ಅವುಗಳಿಗೆ ಏಕೆ ವರ್ಗಾಯಿಸಲಿಲ್ಲ, ಇನ್ನೊಂದು ಮಾರ್ಗದಿಂದ ಏಕೆ ಕಳುಹಿಸಲಿಲ್ಲ, ಹೋಟೆಲಿನ ವ್ಯವಸ್ಥೆ ಏಕೆ ಮಾಡಲಿಲ್ಲ ಎಂಬ ಪ್ರಶ್ನೆಗಳಿಗೆ "ಆಕಾಶ ಮುಚ್ಚಿತ್ತು" ಎಂಬುದು ಉತ್ತರವೇ ಅಲ್ಲ. ಆಗ ಆಕಾಶ ತೆರೆದಿತ್ತು.

ಎಷ್ಟು ಹೊತ್ತಿಗೆ ತೆರೆಯಿತು ಎಂಬುದನ್ನು ತೋರಿಸುವುದು ನಾನು ಅಂದುಕೊಂಡಷ್ಟು ಕಷ್ಟವಲ್ಲ. ವಾಯುಪ್ರದೇಶ ಮುಚ್ಚುವಾಗ ಪೈಲಟ್‌ಗಳಿಗಾಗಿ ನೋಟಾಮ್ ಎಂಬ ಸೂಚನೆ ಹೊರಡುತ್ತದೆ. ಅದರಲ್ಲಿ `B)` ಎಂಬಲ್ಲಿ ಆರಂಭದ ಸಮಯ, `C)` ಎಂಬಲ್ಲಿ ಮುಕ್ತಾಯದ ಸಮಯ ಇರುತ್ತವೆ. ವರ್ಷ, ತಿಂಗಳು, ದಿನ, ಗಂಟೆ, ನಿಮಿಷ ಎಂಬ ಕ್ರಮದಲ್ಲಿ ಹತ್ತು ಅಂಕಿಗಳು, ವಿಶ್ವ ಸಮಯದಲ್ಲಿ. ಇಲ್ಲೊಂದು ಮೋಸ ಹೋಗುವ ಜಾಗವಿದೆ. ಮುಕ್ತಾಯದ ಸಮಯ ಎಂದು ನಮೂದಾಗಿರುವುದು ನಿಜವಾಗಿ ತೆರೆದ ಸಮಯವೇ ಆಗಿರಬೇಕಿಲ್ಲ. ಬೇಗ ತೆರೆದರೆ ಹಿಂದಿನ ಸೂಚನೆಯನ್ನು ರದ್ದು ಮಾಡುವ `NOTAMC` ಎಂಬ ಇನ್ನೊಂದು ಸೂಚನೆ ಬರುತ್ತದೆ. ನನ್ನ ಪ್ರಕರಣದಲ್ಲಿ ಮೂಲ ಸೂಚನೆಯ ಮುಕ್ತಾಯ ರಾತ್ರಿ 10 ಗಂಟೆಗೆ ಇತ್ತು. ಸಂಸ್ಥೆಯ ಪತ್ರವೂ ಅದನ್ನೇ ಉಲ್ಲೇಖಿಸಿತ್ತು. ಸಂಜೆ 4 ಗಂಟೆಯ ರದ್ದತಿಯನ್ನು ನಾನು ಕಂಡದ್ದು ಬಹಳ ತಡವಾಗಿ. ಅದೇ ರೀತಿ, ಮರುದಿನದ ವಿಮಾನಗಳಲ್ಲಿ ಸೀಟುಗಳಿದ್ದವು ಎಂಬುದನ್ನು ಅಂದೇ ಫೋನಿನ ಪರದೆಯ ಚಿತ್ರವಾಗಿ ಉಳಿಸಿಕೊಳ್ಳಬೇಕಿತ್ತು. ತಿಂಗಳುಗಳ ನಂತರ ಆ ಮಾಹಿತಿ ಸಿಗುವುದಿಲ್ಲ.

ಈ ಒಪ್ಪಂದದಲ್ಲಿ ವಿಳಂಬಕ್ಕೆ ಇಷ್ಟು ಎಂಬ ನಿಗದಿತ ಮೊತ್ತವಿಲ್ಲ. ರಸೀದಿಗಳಿಂದ ತೋರಿಸಬಹುದಾದ ನಷ್ಟವೇ ಆಧಾರ, ಅದಕ್ಕೊಂದು ಮೇಲ್ಮಿತಿ ಇದೆ. ನನ್ನ ಪ್ರಯಾಣದ ಕಾಲಕ್ಕೆ ಅದು ಒಬ್ಬರಿಗೆ 5,346 ಎಸ್‌ಡಿಆರ್. 2024ರ ಡಿಸೆಂಬರ್ 28ರಿಂದ 6,303. ನನ್ನ ನಷ್ಟ ಆ ಮಿತಿಯೊಳಗೆ ಬಹಳ ಕೆಳಗೇ ಇತ್ತು.

ಎರಡನೆಯ ತಪ್ಪು, ಎಲ್ಲಕ್ಕಿಂತ ದುಬಾರಿಯಾದದ್ದು, ಕಾಲದ ಲೆಕ್ಕ. ಮೂವತ್ತೈದನೆಯ ವಿಧಿಯ ಪ್ರಕಾರ ಎರಡು ವರ್ಷಗಳೊಳಗೆ ದಾವೆ ಹೂಡದಿದ್ದರೆ ಪರಿಹಾರದ ಹಕ್ಕೇ ನಂದಿಹೋಗುತ್ತದೆ. ದೂರು ಕೊಟ್ಟರೆ, ಪತ್ರ ಬರೆದರೆ, ಮಾತುಕತೆ ನಡೆಯುತ್ತಿದ್ದರೆ ಸಾಲದು. ನ್ಯಾಯಾಲಯದಲ್ಲಿ ದಾವೆ ದಾಖಲಾಗಿರಬೇಕು. ಎಣಿಕೆ ಶುರುವಾಗುವುದು ತಲುಪಿದ ದಿನದಿಂದ, ಅಥವಾ ವಿಮಾನ ತಲುಪಬೇಕಿದ್ದ ದಿನದಿಂದ, ಅಥವಾ ಪ್ರಯಾಣ ನಿಂತುಹೋದ ದಿನದಿಂದ. ಇವುಗಳಲ್ಲಿ ಮೊದಲು ಬರುವ ದಿನವನ್ನೇ ಹಿಡಿದುಕೊಳ್ಳುವುದು ಕ್ಷೇಮ. ನಾನಾದರೋ ಸಂಸ್ಥೆಯ ಕೊನೆಯ ಪತ್ರದ ದಿನದಿಂದ ಲೆಕ್ಕ ಹಾಕಿಕೊಂಡಿದ್ದೆ. ಇಪ್ಪತ್ತನೆಯ ತಿಂಗಳಿನಲ್ಲಿ "ನಿಮ್ಮ ಮನವಿ ಮರುಪರಿಶೀಲನೆಯಲ್ಲಿದೆ" ಎಂಬ ಪತ್ರ ಬಂತು. ಸೌಜನ್ಯದ ಆ ಪತ್ರವನ್ನು ಓದಿ ಸಮಾಧಾನಪಟ್ಟು ಕಾದೆ. ಇಪ್ಪತ್ತೈದನೆಯ ತಿಂಗಳಿನಲ್ಲಿ ಬಂದ ಮುಂದಿನ ಪತ್ರದಲ್ಲಿ ಇದ್ದದ್ದು ಮೂವತ್ತೈದನೆಯ ವಿಧಿಯ ಉಲ್ಲೇಖ ಮಾತ್ರ. ಸಾಮಾನ್ಯ ಕಾಲಮಿತಿ ಕಾನೂನಿನಲ್ಲಿ ಸಿಗಬಹುದಾದ ವಿನಾಯಿತಿ ಇಲ್ಲಿಯೂ ಸಿಗುತ್ತದೆಂದು ಎಣಿಸುವಂತಿಲ್ಲ, ಅನೇಕ ನ್ಯಾಯಾಲಯಗಳು ಇದನ್ನು ಹಕ್ಕಿಗೇ ಅಂಟಿಕೊಂಡ ಷರತ್ತೆಂದು ಕಂಡಿವೆ ಎಂದು ವಕೀಲರು ವಿವರಿಸಿದರು. ಅಪಘಾತದಲ್ಲಿ ಗಾಯ ಅಥವಾ ಸಾವು ಸಂಭವಿಸಿದಾಗಲೂ, ಅಂದರೆ ಹೊಣೆ ಬಹಳ ಹೆಚ್ಚಿರುವ ಪ್ರಕರಣಗಳಲ್ಲೂ, ಇದೇ ಎರಡು ವರ್ಷ. ದುಃಖದಲ್ಲಿರುವ ಕುಟುಂಬಗಳು ಮಾತುಕತೆಯ ಭರವಸೆಯಲ್ಲಿ ಈ ಗಡಿ ದಾಟಿದರೆ ಏನಾಗಬಹುದೆಂದು ನೆನೆದಾಗ ನನ್ನ ನಷ್ಟ ಚಿಕ್ಕದೆನಿಸುತ್ತದೆ.

ಬ್ಯಾಗಿನ ವಿಷಯ ಬೇರೆ. ಪ್ರಯಾಣಿಕನ ವಿಳಂಬಕ್ಕೆ ಮುಂಚಿತ ದೂರಿನ ಗಡುವಿಲ್ಲ. ಆದರೆ ಬ್ಯಾಗು ತಡವಾಗಿ ಬಂದರೆ ಅದು ಕೈಗೆ ಸಿಕ್ಕ ದಿನದಿಂದ 21 ದಿನಗಳೊಳಗೆ, ಹಾಳಾಗಿದ್ದರೆ 7 ದಿನಗಳೊಳಗೆ ಲಿಖಿತ ದೂರು ಸಲ್ಲಬೇಕು. ನನ್ನ ಬ್ಯಾಗು ಐದು ದಿನ ತಡವಾಗಿ ಬಂತು. ನಿಲ್ದಾಣದ ಕೌಂಟರಿನಲ್ಲಿ ಬರೆಸಿಕೊಂಡ ಚೀಟಿಯೇ ದೂರು ಎಂದು ನಾನು ತಿಳಿದಿದ್ದೆ. ಅದು ಬ್ಯಾಗು ಹುಡುಕಲು ಬರೆದುಕೊಂಡ ಟಿಪ್ಪಣಿ, ಪರಿಹಾರದ ದೂರಲ್ಲ ಎಂದು ಸಂಸ್ಥೆ ವಾದಿಸಿತು. ಆ ವಾದ ಎಲ್ಲೆಡೆ ಗೆಲ್ಲುತ್ತದೆಂದಲ್ಲ, ಆದರೂ ಅದಕ್ಕೆ ಅವಕಾಶವನ್ನೇ ಕೊಡದೆ ಬೇರೆಯಾಗಿ ಒಂದು ಪತ್ರ ಕಳುಹಿಸುವುದು ಸುಲಭ.

ಮೂರನೆಯ ತಪ್ಪು ಟಿಕೆಟ್ ಕೊಳ್ಳುವಾಗಲೇ ಆಗಿತ್ತು. ವಿಳಂಬದ ದಾವೆಯನ್ನು ನಾಲ್ಕು ಕಡೆ ಮಾತ್ರ ಹೂಡಬಹುದು: ಸಂಸ್ಥೆಯ ನೆಲೆ, ಅದರ ಮುಖ್ಯ ವ್ಯವಹಾರ ಸ್ಥಳ, ಟಿಕೆಟಿನ ಒಪ್ಪಂದ ಮಾಡಿಕೊಂಡ ಅದರ ಕಚೇರಿ ಇರುವ ಸ್ಥಳ, ಮತ್ತು ಪ್ರಯಾಣದ ಗಮ್ಯ. ಪ್ರಯಾಣಿಕನ ಸ್ವಂತ ವಾಸಸ್ಥಳ ಎಂಬ ಐದನೆಯ ಆಯ್ಕೆ ಸಾವು ಮತ್ತು ಗಾಯದ ಪ್ರಕರಣಗಳಿಗಷ್ಟೇ, ಅದೂ ಷರತ್ತುಗಳೊಂದಿಗೆ. ಹೋಗಿ ಬರುವ ಪ್ರಯಾಣ ಒಂದೇ ಟಿಕೆಟಿನಲ್ಲಿದ್ದರೆ ಕಾನೂನಿನ ದೃಷ್ಟಿಯಲ್ಲಿ ಗಮ್ಯವೆಂದರೆ ಹೊರಟ ಜಾಗವೇ. ಆಗ ಮನೆಯ ಹತ್ತಿರದ ನ್ಯಾಯಾಲಯ ತೆರೆದಿರುತ್ತದೆ. ನಾನು ಹೋಗುವುದಕ್ಕೊಂದು, ಬರುವುದಕ್ಕೊಂದು ಎಂದು ಎರಡು ಬಿಡಿ ಟಿಕೆಟ್‌ಗಳನ್ನು ಕೊಂಡಿದ್ದೆ. ಹಾಗಾಗಿ ತಡವಾದ ಆ ಪ್ರಯಾಣದ ಗಮ್ಯ ಪರದೇಶವೇ ಆಗಿತ್ತು, ಸಮಯ ಉಳಿದಿದ್ದರೂ ನಾನು ಬಹುಶಃ ಅಲ್ಲಿಯೇ ದಾವೆ ಹೂಡಬೇಕಾಗುತ್ತಿತ್ತು.

ಅದೇ ವಿಮಾನದಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದವರೊಬ್ಬರಿಗೂ ಇದೇ ಉತ್ತರ ಬಂದಿತ್ತು. ಅವರದ್ದು ಹೋಗಿ ಬರುವ ಟಿಕೆಟ್. ಮರುದಿನದ ಸೀಟುಗಳ ಚಿತ್ರ ಅವರ ಫೋನಿನಲ್ಲಿತ್ತು, ರದ್ದತಿಯ ನೋಟಾಮನ್ನೂ ಅವರೇ ಹುಡುಕಿ ನನಗೆ ತೋರಿಸಿದ್ದು. ಇಪ್ಪತ್ತೆರಡನೆಯ ತಿಂಗಳಿನಲ್ಲಿ ಅವರು ತಮ್ಮ ಊರಿನಲ್ಲೇ ದಾವೆ ಹೂಡಿದರು. ಮೊದಲ ವಿಚಾರಣೆಗೆ ಮುನ್ನವೇ ಸಂಸ್ಥೆ ರಾಜಿಗೆ ಬಂತು. ಆಕಾಶ ಮುಚ್ಚಿದ್ದ ದಿನದ ಖರ್ಚನ್ನು ಅದು ಕೊಡಲಿಲ್ಲ, ಅವರೂ ಕೇಳಲಿಲ್ಲ; ಮರುದಿನ ಬೆಳಗಿನಿಂದಾಚೆಗಿನ ಪ್ರತಿಯೊಂದು ರಸೀದಿಯ ಹಣವೂ ಅವರಿಗೆ ಬಂತು.